ಕೊರಳಿನ ಕಸೂತಿ, ಪದಕದ ಸರ

ಧಾರವಾಡದ ಕಡೆ ಮದುವೆ ಗೊತ್ತಾದ ಮನೆಯೊಂದರಲ್ಲಿ ಸೀರೆಯ ಚಿಂತೆ ಬೇಗ ಮುಗಿದಿತ್ತು. ಹುಡುಗಿಗೆ ಕಪ್ಪು ಇಳಕಲ್ಲ ಸೀರೆ, ಅದಕ್ಕೆ ಕೆಂಪು ಕುಬಸ. ಕುಬಸದ ಕೊರಳಿನ ಸುತ್ತ ಒಂದೂವರೆ ಇಂಚು ಅಗಲಕ್ಕೆ ಸೋದರತ್ತೆಯೇ ಕಸೂತಿ ಹಾಕಿದ್ದರು. ಗೋಪುರ, ಮಧ್ಯೆ ತುಳಸಿಕಟ್ಟೆ, ಎರಡೂ ಬದಿಗೆ ಒಂದೊಂದು ಆನೆ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ, ಎಲ್ಲಿಯೂ ಗಂಟು ಬೀಳದಂತೆ ಹಾಕಿದ ಹೊಲಿಗೆ ಅದು. ಎರಡು ತಿಂಗಳು ಹಿಡಿದಿತ್ತು.

ತಕರಾರು ಎದ್ದದ್ದು ಮನೆತನದ ಗುಂಡಿನ ಸರದಿಂದ. ಕೊರಳಿಗೆ ಹಾಕಿ ನೋಡಿದರೆ ಪದಕ ಸರಿಯಾಗಿ ತುಳಸಿಕಟ್ಟೆಯ ಮೇಲೆಯೇ ಕೂತಿತು. ಆನೆಗಳು ಉಳಿದವು, ಕಟ್ಟೆ ಮಾಯವಾಯಿತು.

“ಸರಾ ಬ್ಯಾಡ ಬಿಡು, ಬರೇ ಟೀಕಿ ಹಾಕ್ಕೋಲಿ,” ಎಂದರು ಸೋದರತ್ತೆ.

“ಮನಿತನದ ಸರಾ ಬಿಟ್ಟು ಮದುವಿ ಏನ ಚೆಂದ?” ಎಂದರು ಆಯಿ.

ಇಂಥಲ್ಲಿ ಬಹಳ ಜನ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಹುಡುಗಿಯ ಅವ್ವ ಮಾತ್ರ ಒಂದು ಮೊಳ ದಾರ ತಂದರು. ಅದನ್ನು ಕೊರಳಿಗೆ ಸುತ್ತಿದ ಮಾತ್ರಕ್ಕೆ ಅಳತೆ ಸಿಗುವುದಿಲ್ಲ. ಹಗುರ ದಾರ ಮೈಗೆ ಅಂಟಿ ದುಂಡಗೆ ಕೂರುತ್ತದೆ. ಭಾರದ ಪದಕವಾದರೋ ಸರವನ್ನು ಕೆಳಕ್ಕೆಳೆದು ಮುಂಬದಿಯಲ್ಲಿ ಮೂಲೆಯಾಗಿಸುತ್ತದೆ. ಅಷ್ಟೇ ಉದ್ದದ ಸರ ಇನ್ನಷ್ಟು ಕೆಳಗೆ ಇಳಿಯುತ್ತದೆ. ಅದಕ್ಕೇ ಅವರು ದಾರಕ್ಕೆ ಕಪಾಟಿನ ಬೀಗದ ಕೈ ಕಟ್ಟಿದರು. ತೂಕದಲ್ಲಿ ಅದು ಹೆಚ್ಚುಕಡಿಮೆ ಪದಕದಷ್ಟೇ ಇತ್ತು.

ಹುಡುಗಿ ಕುಬಸ ತೊಟ್ಟು ನೇರ ನಿಂತಳು. ಗಂಟಲ ಗುಳಿಯಿಂದ ಕಸೂತಿಯ ಮೇಲಂಚಿಗೆ ಮೂರು ಇಂಚು. ಪದಕವೇ ಒಂದು ಇಂಚು ಉದ್ದ, ಅದರ ಕೆಳಗೆ ಅರ್ಧ ಇಂಚಾದರೂ ಬರಿಯ ಕೊರಳು ಕಾಣಬೇಕು. ಅಂದರೆ ಸರದ ತುದಿ ಗುಳಿಯಿಂದ ಒಂದೂವರೆ ಇಂಚಿಗಿಂತ ಕೆಳಗೆ ಹೋಗಬಾರದು. ದಾರವನ್ನು ಏರಿಸಿ ಇಳಿಸಿ ನೋಡಿದಾಗ ಹದಿನಾರು ಇಂಚಿಗೆ ಲೆಕ್ಕ ಸರಿಯಾಯಿತು. ಮನೆಯ ಸರ ಹದಿನೆಂಟು ಇಂಚು ಇತ್ತು. ಎರಡು ಇಂಚು ಕಡಿಮೆ ಮಾಡಿದರೆ ಪದಕ ಎರಡು ಇಂಚು ಏರುವುದಿಲ್ಲ, ಎಡಬಲ ಎರಡೂ ಎಳೆಗಳು ಒಂದೊಂದು ಇಂಚು ಗಿಡ್ಡವಾಗುವುದರಿಂದ ಸುಮಾರು ಒಂದು ಇಂಚು ಏರುತ್ತದೆ. ಇದನ್ನು ಮರೆತು ಒಂದೇ ಇಂಚು ಕಡಿಮೆ ಮಾಡಿಸಿದವರಿಗೆ ಪದಕ ಅರ್ಧ ಇಂಚು ಮಾತ್ರ ಮೇಲೆ ಬಂದು ಬೇಸರವಾಗುವುದುಂಟು. ಸರ ಕತ್ತರಿಸುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಗೊಂಡೆದಾರದ ಗಂಟನ್ನು ಸರಿಸಿದರೆ ಸಾಕಾಗಿತ್ತು. ಹಳೆಯ ಸರಗಳಿಗೆ ಕೊಂಡಿಯ ಬದಲು ದಾರ ಕಟ್ಟಿದವರು ಸುಮ್ಮನೆ ಕಟ್ಟಿರಲಿಲ್ಲ.

ಇಷ್ಟಾದ ಮೇಲೂ ಹುಡುಗಿ ಕುಳಿತು, ಬಾಗಿ ನಮಸ್ಕರಿಸಿ ನೋಡಬೇಕಾಯಿತು. ಬಾಗಿದಾಗ ಪದಕ ಮೈಬಿಟ್ಟು ತೂಗಾಡುತ್ತದೆ, ಏಳುವಾಗ ಬಟ್ಟೆಗೆ ಬಡಿಯುತ್ತದೆ. ಕಸೂತಿಯಲ್ಲಿ ಗವಂತಿ ಹೊಲಿಗೆ ಬಟ್ಟೆಗೆ ಬಿಗಿಯಾಗಿರುತ್ತದೆ, ಅದಕ್ಕೆ ಅಷ್ಟು ಭಯವಿಲ್ಲ. ಆನೆಯ ಮೈ ತುಂಬಿದ್ದು ನೇಗಿಯಿಂದ. ನೇಗಿಯ ಎಳೆಗಳು ಮೇಲೆ ಉದ್ದುದ್ದ ಬರುತ್ತವೆ, ಪದಕದ ಹಿಂದಿನ ಒರಟು ಬೆಸುಗೆಗೋ ಬಾಗಿದ ತಂತಿಗೋ ಸಿಕ್ಕಿ ಮೇಲೇಳುತ್ತವೆ. ಪರೀಕ್ಷೆ ಸುಲಭ: ಪದಕದ ಬೆನ್ನನ್ನು ಹಳೆಯ ರೇಶಿಮೆ ಚಿಂದಿಯ ಮೇಲೆ ಎಳೆಯಬೇಕು. ಚಿಂದಿ ಹಿಡಿದರೆ ಕಸೂತಿಯನ್ನೂ ಹಿಡಿಯುತ್ತದೆ. ಇಲ್ಲಿ ಒಂದು ಕಡೆ ಹಿಡಿಯಿತು. ಅಕ್ಕಸಾಲಿಗ ಅಲ್ಲೇ ಉಜ್ಜಿಕೊಟ್ಟ.

ಉಳಿದದ್ದು ಗೊಂಡೆಯ ಬಣ್ಣ. ಹಳೆಯ ಗೊಂಡೆ ಮಾಸಿತ್ತು. ಕುಬಸದ ಕೆಂಪಿಗೇ ಹೊಂದಿಸಲು ಹೊರಟರೆ ಒಂದು ಪಾವು ಹೆಚ್ಚುಕಡಿಮೆಯಾದರೂ ತಪ್ಪು ಎದ್ದು ಕಾಣುತ್ತದೆ. ಕಸೂತಿಯಲ್ಲಿ ಅಲ್ಪವಾಗಿ ಬಂದಿದ್ದ ಹಸಿರನ್ನು ಆರಿಸಿದ್ದು ಜಾಣತನ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡು ಹಸಿರು ದಾರಗಳು ಕುಬಸಕ್ಕೆ ಒಂದೇ ಸಮ ಹೊಂದಿದವು. ಬಾಗಿಲ ಹೊರಗೆ ಬಿಸಿಲಿಗೆ ತಂದರೆ ಒಂದು ಹಳದಿಗೆ ತಿರುಗಿತು. ಬೇರೆ ಬೇರೆ ಬಣ್ಣದ ದ್ರವ್ಯ ಕುಡಿದ ದಾರಗಳು ಒಂದು ಬೆಳಕಿನಲ್ಲಿ ಒಂದೇ ಕಂಡರೂ ಇನ್ನೊಂದರಲ್ಲಿ ಬೇರೆಯಾಗುತ್ತವೆ. ಮುಹೂರ್ತ ಹಗಲಿನದು, ಹಂದರದ ಕೆಳಗೆ. ಹಾಗಾಗಿ ಬಿಸಿಲಿನ ತೀರ್ಪೇ ನಡೆಯಿತು.

ಡಾಬಿನ ಬಗ್ಗೆ ಚರ್ಚೆಯೇ ಆಗಲಿಲ್ಲ; ಅದು ಸೊಂಟದಲ್ಲಿ, ಕಸೂತಿ ಕೊರಳಿನಲ್ಲಿ. ಆದರೆ ಸೆರಗು ಎಡಭುಜದ ಮೇಲೆ ಹೋಗುವಾಗ ಒಂದು ಆನೆಯನ್ನು ಹೇಗೂ ಮುಚ್ಚುತ್ತದೆ ಎಂದು ಆಯಿ ನೆನಪಿಸಿದರು. ಸೋದರತ್ತೆ ಸೆರಗಿನ ಅಂಚನ್ನು ನಾಲ್ಕು ಬೆರಳು ಹೊರಕ್ಕೆ ಸರಿಸಿ, ಭುಜದ ಮೇಲೆ ಒಳಗಿನಿಂದ ಪಿನ್ನು ಚುಚ್ಚಿದರು.