ಅತ್ತೆಯವರ ಗಂಧದೆಣ್ಣೆಯ ಸೀಸೆ

ನಮ್ಮತ್ತೆಯವರು ಮೈಸೂರಿನಿಂದ ತಂದಿದ್ದ ಗಂಧದೆಣ್ಣೆಯ ಪುಟ್ಟ ಸೀಸೆಯೊಂದು ನಮ್ಮ ಮನೆಯಲ್ಲಿದೆ. ಅವರು ತೀರಿಕೊಂಡ ಮೇಲೆ ಮೂರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಈ ಸಲದ ತಿಥಿಗೆಂದು ಕೈಗೆತ್ತಿಕೊಂಡರೆ ಗಾಜಿನ ಬಿರಡೆ ಅಲುಗಲೊಲ್ಲದು. ನಾವು ಇಕ್ಕಳ ಹಿಡಿದು ತಿರುಚಿದೆವು. ಬಿರಡೆಯ ಅಂಚಿನಿಂದ ಚೂರೊಂದು ಹಾರಿತು. ಮನೆಯಾಕೆ ಸೀಸೆಯನ್ನು ಕಸಿದುಕೊಂಡು, "ಅಮ್ಮನದು ಇನ್ನು ಇದೊಂದೇ ಉಳಿದಿರೋದು" ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಸೀಸೆಯೊಡನೆ ಫೋರ್ಟಿನ ಗಲ್ಲಿಯೊಂದಕ್ಕೆ ಹೋದೆವು. ಅಲ್ಲಿ ಪ್ರಯೋಗಾಲಯದ ಗಾಜಿನ ಸಾಮಾನು ಮಾರುವ ವೃದ್ಧರೊಬ್ಬರಿದ್ದಾರೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಎಣ್ಣೆ ಒಣಗಿ ಅಂಟಾಗಿದೆ, ಬಿಡುತ್ತದೆ ಎಂದರು. ಕಾಸ್ಟಿಕ್ ಸೋಡಾದ ಸೀಸೆಯಾಗಿದ್ದರೆ ಕ್ಷಾರವು ಗಾಜನ್ನೇ ತಿಂದು ಎರಡನ್ನೂ ಬೆಸೆದುಬಿಡುತ್ತದಂತೆ. ಅಂಥದಕ್ಕೆ ಉಪಾಯ ಕಡಿಮೆ.

ಅವರು ಹೇಳಿದಂತೆ ಆ ರಾತ್ರಿ ಬಿರಡೆಯ ಸುತ್ತ ಎರಡು ಹನಿ ಸ್ಪಿರಿಟ್ ಬಿಟ್ಟು ಇಟ್ಟೆವು. ಮಸೆದ ಗಾಜು ಒಣಗಿದ್ದಾಗ ಮಂಜು ಕವಿದಂತೆ ಬೆಳ್ಳಗಿರುತ್ತದೆ; ದ್ರವ ಒಳಗಿಳಿದಲ್ಲಿ ತಿಳಿಯಾಗುತ್ತದೆ. ಬೆಳಗಾಗುವಷ್ಟರಲ್ಲಿ ಆ ತಿಳಿ ಗೆರೆ ಕೊರಳಿನ ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಹನಿ ಬಿಟ್ಟು ಸಂಜೆಯವರೆಗೆ ಕಾದೆವು.

ಬಳಿಕ ಮೇಜಿನ ಮೇಲೆ ಟವೆಲನ್ನು ಮಡಿಸಿ ಹಾಸಿ, ಒಲೆಯನ್ನು ಆರಿಸಿದೆವು. ಸ್ಪಿರಿಟ್ ಇರುವಲ್ಲಿ ಬೆಂಕಿ ಸಲ್ಲದು. ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಬಟ್ಟೆಯ ಪಟ್ಟಿಯನ್ನು ಅದ್ದಿ ಹಿಂಡಿ, ಕೊರಳಿಗೆ ಮಾತ್ರ ಸುತ್ತಿದೆವು. ಕುದಿನೀರಾದರೆ ಗಾಜು ಸೀಳೀತು. ಒಡಲು ಕಾದರೆ ಒಳಗಿನ ಆವಿ ಒತ್ತೀತು. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಕೊರಳು ಮೊದಲು ಹಿಗ್ಗುತ್ತದೆ, ಬಿರಡೆ ಆಮೇಲೆ. 20 ಮಿಲಿಮೀಟರ್ ಅಗಲದ ಕೊರಳು 30 ಡಿಗ್ರಿ ಕಾದರೆ ಹಿಗ್ಗುವುದು ಮಿಲಿಮೀಟರಿನ ಸುಮಾರು ಇನ್ನೂರನೆಯ ಒಂದು ಪಾಲು ಮಾತ್ರ. ಅಷ್ಟೇ ಸಾಕು; ಆದರೆ ತಡಮಾಡಿದರೆ ಬಿರಡೆಯೂ ಕಾದು ಹಿಗ್ಗಿ ಆ ಅವಕಾಶ ಮುಚ್ಚಿಹೋಗುತ್ತದೆ.

ಅರ್ಧ ನಿಮಿಷಕ್ಕೆ ಬಟ್ಟೆ ತೆಗೆದು, ಮರದ ಸೌಟಿನ ಹಿಡಿಯಿಂದ ಬಿರಡೆಯ ತಲೆಯನ್ನು ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಮೆಲ್ಲನೆ ತಟ್ಟಿದೆವು. ಸದ್ದು ಗಟ್ಟಿಯಾಗಿ, ಸೀಸೆಯಿಡೀ ಒಂದೇ ತುಂಡೆಂಬಂತೆ ಬರುತ್ತಿತ್ತು. ಬಿಡಲಿಲ್ಲ. ಸೀಸೆ ಪೂರ್ತಿ ತಣಿಯುವವರೆಗೆ ಕಾದು ಮತ್ತೆ ಸುತ್ತಿದೆವು. ಮೂರನೆಯ ಸಲ ಸದ್ದು ಬದಲಾಯಿತು. ಸಡಿಲ ಹಲ್ಲಿನಂತೆ ಸಣ್ಣಗೆ ಕಟಕಟ ಎಂದಿತು. ಆಗ ಎಳೆಯಲಿಲ್ಲ, ಮೆಲ್ಲನೆ ತಿರುಗಿಸಿದೆವು. ಬಿರಡೆ ಕೈಗೆ ಬಂತು.

ಮನೆಯಾಕೆ ಮಾತಾಡಲಿಲ್ಲ. ಬಿರಡೆಯನ್ನು ಮುಂಗೈಗೆ ಒತ್ತಿಕೊಂಡು, ಹಬ್ಬದ ದಿನ ಅತ್ತೆಯವರು ಸೀರೆ ಉಟ್ಟು ನಿಲ್ಲುತ್ತಿದ್ದ ಬಾಗಿಲಿನ ಕಡೆ ನೋಡಿದಳು. ಬಳಿಕ ಕೊರಳನ್ನೂ ಬಿರಡೆಯನ್ನೂ ಒಣಬಟ್ಟೆಯಲ್ಲಿ ಒರೆಸಿದೆವು. ಈಗ ಮುಚ್ಚುವಾಗ ಒತ್ತುವುದಿಲ್ಲ, ಸುಮ್ಮನೆ ಕೂರಿಸುತ್ತೇವೆ. ತಿಂಗಳಿಗೊಮ್ಮೆ ತೆರೆಯುತ್ತೇವೆ, ಬೇಕಿರಲಿ ಬೇಡವಿರಲಿ.