ಎರಡಂಗುಲ ಸಾಲದ ಹಗ್ಗ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟರೆ ಚನ್ನಪಟ್ಟಣ ದಾಟುತ್ತಿದ್ದಂತೆ ದೊಡ್ಡಮಳೂರು. ಅಲ್ಲಿನ ದೊಡ್ಡ ಗುಡಿ ಅಪ್ರಮೇಯಸ್ವಾಮಿಯದು. ಆದರೆ ಜನ ಒತ್ತೊತ್ತಾಗಿ ನಿಲ್ಲುವುದು ಪ್ರಾಕಾರದಲ್ಲಿರುವ ಪುಟ್ಟ ಗುಡಿಯ ಮುಂದೆ. ಒಳಗೆ ಅಂಬೆಗಾಲಿಕ್ಕುತ್ತಿರುವ ಕೃಷ್ಣ. ಕೈಯಲ್ಲಿ ಬೆಣ್ಣೆಮುದ್ದೆ. ಸುತ್ತ ಮಕ್ಕಳ ಹರಕೆ ಹೊತ್ತವರು ಒಪ್ಪಿಸಿದ ಪುಟ್ಟ ತೊಟ್ಟಿಲುಗಳು. ಪುರಂದರದಾಸರು ಯಶೋದೆ ಮಗುವನ್ನಾಡಿಸಿದ ಕೀರ್ತನೆಯನ್ನು ಇವನನ್ನು ಕಂಡೇ ಹಾಡಿದರೆಂಬುದು ಊರಿನ ನಂಬಿಕೆ. ನೋಡುತ್ತ ನಿಂತ ನನಗೆ ಉಸಿರು ಬಿಡುವುದೂ ಮರೆತುಹೋಯಿತು. ಗರ್ಭಗುಡಿಯಲ್ಲಿ ನಿಂತವನಿಗೆ ಅಳತೆಯಿಲ್ಲ, ಇಲ್ಲಿ ಅವನೇ ಮಂಡಿಯೂರಿ ಹರಿದಾಡುತ್ತಿದ್ದಾನೆ!

ಭಾಗವತದ ದಶಮಸ್ಕಂಧದಲ್ಲಿ ಈ ಬೆಣ್ಣೆಯ ಕಥೆ ಒಂದು ಬೆಳಗ್ಗೆ ಶುರುವಾಗುತ್ತದೆ. ಯಶೋದೆ ಮೊಸರು ಕಡೆಯುತ್ತಿದ್ದಾಳೆ. ಮಗು ಬಂದು ಕಡಗೋಲು ಹಿಡಿದು ನಿಲ್ಲಿಸಿ ಮೊಲೆಯುಣ್ಣಲು ತೊಡೆಯೇರುತ್ತದೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಹೊಟ್ಟೆ ತುಂಬದ ಮಗುವನ್ನು ಕೆಳಗಿಳಿಸಿ ಅವಳು ಓಡುತ್ತಾಳೆ. ಅವನಿಗೆ ಸಿಟ್ಟು. ತುಟಿ ಅದುರುತ್ತದೆ, ಕಣ್ಣಲ್ಲಿ ಹುಸಿ ನೀರು. ಕಲ್ಲಿನಿಂದ ಮೊಸರಿನ ಗಡಿಗೆ ಒಡೆದು, ಒಳಗೆ ಹೋಗಿ ಬೆಣ್ಣೆ ಮೆಲ್ಲುತ್ತಾನೆ. ತಾಯಿ ಹುಡುಕಿಕೊಂಡು ಬಂದಾಗ ಬೋರಲು ಹಾಕಿದ ಒರಳಿನ ಮೇಲೆ ನಿಂತು ಕೋತಿಗಳಿಗೆ ಬೆಣ್ಣೆ ಹಂಚುತ್ತಿರುತ್ತಾನೆ.

ನನ್ನನ್ನು ಬಹಳ ಕಾಡಿದ್ದು ಈ ಕೋತಿಗಳು. ಹಸಿದು ಕದ್ದವನು ತಿಂದು ಮುಗಿಸುತ್ತಾನೆ, ಹಂಚುತ್ತ ನಿಲ್ಲುವುದಿಲ್ಲ. ತನಗೆ ಯಾವುದರ ಕೊರತೆಯೂ ಇಲ್ಲದವನ ಆಟ ಇದು. ಸೃಷ್ಟಿಯನ್ನು ಲೀಲೆ ಎಂದು ನಮ್ಮ ಆಚಾರ್ಯರು ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದೆ. ಲಾಭಕ್ಕಲ್ಲ, ಅಗತ್ಯಕ್ಕಲ್ಲ, ತುಂಬಿದ್ದರಿಂದ ಹೊರಚೆಲ್ಲಿದ್ದು. ಆ ಮಾತು ಒರಳಿನ ಮೇಲೆ ನಿಂತ ಮಗುವಿನಲ್ಲಿ ನನಗೆ ಕಣ್ಣಿಗೆ ಕಟ್ಟಿತು.

ತಾಯಿಯ ಕೈಯಲ್ಲಿ ಕೋಲು ಕಂಡೊಡನೆ ಅವನು ಓಡುತ್ತಾನೆ. ಯೋಗಿಗಳ ಮನಸ್ಸಿಗೂ ಸಿಗದವನ ಹಿಂದೆ ಯಶೋದೆ ಓಡುತ್ತಾಳೆ, ಹಿಡಿಯುತ್ತಾಳೆ, ಒರಳಿಗೆ ಕಟ್ಟಲು ಹಗ್ಗ ತರುತ್ತಾಳೆ. ಎರಡಂಗುಲ ಸಾಲದು. ಇನ್ನೊಂದು ಹಗ್ಗ ಗಂಟು ಹಾಕಿದರೆ ಮತ್ತೆ ಎರಡಂಗುಲ ಸಾಲದು. ಮನೆಯ ಹಗ್ಗವೆಲ್ಲ ಮುಗಿದರೂ ಅದೇ ಎರಡಂಗುಲ! ಮಗುವಿನ ಸೊಂಟ ಮಾತ್ರ ಇದ್ದಷ್ಟೇ ಇದೆ. ಅವಳ ಮೈ ಬೆವೆತು, ಮುಡಿಯ ಹೂವು ಉದುರಿದ್ದನ್ನು ಕಂಡು ಅವನೇ ಕರುಣೆಯಿಂದ ಕಟ್ಟಿಸಿಕೊಳ್ಳುತ್ತಾನೆ. ಆ ಎರಡಂಗುಲದಲ್ಲಿ ಒಂದು ಭಕ್ತರ ಶ್ರಮ, ಇನ್ನೊಂದು ದೇವರ ಕೃಪೆ ಎಂದು ವ್ಯಾಖ್ಯಾನಿಸುವವರಿದ್ದಾರೆ. ಇಂಥ ಪ್ರಸಾದ ಬ್ರಹ್ಮನಿಗೂ ಶಿವನಿಗೂ ಲಕ್ಷ್ಮಿಗೂ ದೊರೆಯಲಿಲ್ಲ ಎನ್ನುತ್ತಾನೆ ಶುಕಮುನಿ. ಮೊದಲ ಸ್ಕಂಧದಲ್ಲಿ ಕುಂತಿ ನೆನೆದು ಬೆರಗಾಗುವುದೂ ಇದನ್ನೇ: ಭಯಕ್ಕೇ ಭಯ ಹುಟ್ಟಿಸುವವನು ಕಾಡಿಗೆ ಕದಡಿದ ಕಣ್ಣಲ್ಲಿ ತಾಯಿಗೆ ಹೆದರಿ ತಲೆ ತಗ್ಗಿಸಿ ನಿಂತನಲ್ಲ ಎಂದು.

ಕಟ್ಟಿಸಿಕೊಂಡವನು ಸುಮ್ಮನೆ ಕೂರಲಿಲ್ಲ. ಒರಳನ್ನು ಎಳೆಯುತ್ತ ಜೋಡಿ ಮತ್ತಿಮರಗಳ ನಡುವೆ ನುಸುಳಿದ. ಒರಳು ಅಡ್ಡ ಸಿಕ್ಕಿ ಮರಗಳು ಬುಡಮೇಲಾದವು. ನಾರದರ ಶಾಪದಿಂದ ಮರವಾಗಿದ್ದ ಕುಬೇರನ ಮಕ್ಕಳು, ನಳಕೂಬರ ಮತ್ತು ಮಣಿಗ್ರೀವ, ಕೈಮುಗಿದು ಹೊರಬಂದರು. ತಾನು ಕಟ್ಟಿನಲ್ಲಿದ್ದುಕೊಂಡೇ ಅವನು ಇತರರನ್ನು ಬಿಡಿಸಿದ.

ದೊಡ್ಡಮಳೂರಿನಿಂದ ಘಟ್ಟ ಇಳಿದು ಉಡುಪಿಗೆ ಹೋದಾಗ ವಿಟ್ಲಪಿಂಡಿ. ರಥಬೀದಿಯಲ್ಲಿ ಗುರ್ಜಿಗಳಿಂದ ಇಳಿಬಿಟ್ಟ ಮೊಸರುಕುಡಿಕೆಗಳನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುತ್ತಿದ್ದರು. ಮೃಣ್ಮಯ ಕೃಷ್ಣನ ರಥ ಸಾಗುತ್ತಿತ್ತು. ಆಮೇಲೆ ಆ ಮಣ್ಣಿನ ಮೂರ್ತಿಯನ್ನು ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಒಂದು ಮಗುವಿನ ಸಿಟ್ಟು ಇಡೀ ಊರಿನ ಹಬ್ಬವಾಗಿದೆ! ನವಗ್ರಹ ಕಿಂಡಿಗೆ ಕಣ್ಣಿಟ್ಟರೆ ಒಳಗೆ ಬಾಲಕೃಷ್ಣ, ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ.

ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಈ ಮೂರ್ತಿಗೆ ಇಲ್ಲಿ ಹೇಳುವ ಐತಿಹ್ಯವೊಂದಿದೆ. ಹೆತ್ತ ತಾಯಿ ದೇವಕಿಗೆ ಮಗನ ಬಾಲ್ಯ ನೋಡಲು ಸಿಗಲಿಲ್ಲ. ದ್ವಾರಕೆಯಲ್ಲಿ ಅವಳು ಆ ಕೊರಗು ಹೇಳಿಕೊಂಡಳು. ರಾಜ್ಯವಾಳುವ ವಯಸ್ಸಿನ ಕೃಷ್ಣ ಮತ್ತೆ ಮಗುವಾಗಿ, ಅವಳು ಕಡೆಯುತ್ತಿದ್ದ ಗಡಿಗೆ ಒಡೆದು, ಬೆಣ್ಣೆ ಮೆತ್ತಿಕೊಂಡು, ಕಡಗೋಲು ಹಗ್ಗ ಎರಡನ್ನೂ ಕಿತ್ತುಕೊಂಡು ನಿಂತ. ಮರೆಯಲ್ಲಿ ನೋಡುತ್ತಿದ್ದ ರುಕ್ಮಿಣಿ ಆ ರೂಪವೇ ಬೇಕೆಂದು ವಿಶ್ವಕರ್ಮನಿಂದ ಮೂರ್ತಿ ಮಾಡಿಸಿದಳು. ಭಾಗವತ ಹೇಳುವ ತಂಟೆ ಯಶೋದೆಯ ಪಾಲಿನದು, ತಾನಾಗಿ ಬಂದದ್ದು. ಇಲ್ಲಿರುವುದು ತಾಯಿಯೊಬ್ಬಳು ಕೇಳಿದ್ದಕ್ಕೆ ಅವನು ಎರಡನೆಯ ಸಲ ಮಾಡಿದ ತಂಟೆ. ಉಡುಪಿಯಲ್ಲಿ ಪೂಜೆಗೊಳ್ಳುತ್ತಿರುವುದು ಅದೇ ರೂಪ.