ಹಗಲಿನ ಲೆಕ್ಕ, ರಾತ್ರಿಯ ಲೆಕ್ಕ

ಲಂಡನ್ ನಗರದ ಒಳಗೇ 'ಸಿಟಿ ಆಫ್ ಲಂಡನ್' ಅಂತ ಒಂದು ಪುಟ್ಟ ಆಡಳಿತ ಪ್ರದೇಶ ಇದೆ. ವಿಸ್ತೀರ್ಣ ಬರೀ 2.9 ಚದರ ಕಿಲೋಮೀಟರ್. ತುಂಬಾ ಬ್ಯಾಂಕುಗಳು, ವಿಮಾ ಕಂಪನಿಗಳು, ವಕೀಲರ ಆಫೀಸುಗಳು. 2021ರ ಜನಗಣತಿ ಪ್ರಕಾರ ಅಲ್ಲಿ ವಾಸವಿರುವವರು ಸುಮಾರು 8,600 ಜನ. ಅಲ್ಲಿ ಇರುವ ಉದ್ಯೋಗಗಳು ಈಗ 6 ಲಕ್ಷಕ್ಕೂ ಹೆಚ್ಚು. ಟ್ರಾನ್ಸ್‌ಪೋರ್ಟೇಶನ್ ಅಸೈನ್‌ಮೆಂಟ್‌ಗೆ ಓದುವಾಗ ಈ ಎರಡು ಅಂಕಿ ಅಕ್ಕಪಕ್ಕ ಕಂಡು, ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡೆ. ಬಿದ್ದಿರಲಿಲ್ಲ. ಒಬ್ಬ ನಿವಾಸಿಗೆ ಎಪ್ಪತ್ತು ಜನ ಕೆಲಸಗಾರರು!

ಯಾಕೆ ಹೀಗೆ? "ಆಫೀಸುಗಳು ಜಾಸ್ತಿ ಇವೆ, ಅದಕ್ಕೆ" ಅನ್ನೋದು ಉತ್ತರ ಆಗಲ್ಲ, ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 1,000 ಚದರ ಮೀಟರಿನ ಒಂದು ಮಹಡಿ ಇದೆ ಅಂತಿಟ್ಟುಕೊಳ್ಳಿ. ಆಫೀಸಿನಲ್ಲಿ ಒಬ್ಬರಿಗೆ ಸುಮಾರು 10 ಚದರ ಮೀಟರ್ ಸಾಕು, ಅಂದರೆ 100 ಜನ ಕೂರಬಹುದು. ಅದೇ ಮಹಡಿಯಲ್ಲಿ ಮನೆ ಕಟ್ಟಿದರೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ಸೇರಿ ಒಬ್ಬರಿಗೆ 40 ಚದರ ಮೀಟರ್ ಹಿಡಿಯೋಣ. 25 ಜನ ವಾಸ ಮಾಡಬಹುದು. ವ್ಯತ್ಯಾಸ ನಾಲ್ಕು ಪಟ್ಟು. ಹಾಸಿಗೆಗಿಂತ ಕುರ್ಚಿಗೆ ಕಡಿಮೆ ಜಾಗ ಸಾಕು ಅನ್ನೋದರಿಂದ ಬರುವ ವ್ಯತ್ಯಾಸ ಇಷ್ಟೇ. ನಮಗೆ ಬೇಕಿರೋದು ಎಪ್ಪತ್ತು. ಉಳಿದದ್ದು ಎಲ್ಲಿಂದ ಬಂತು? ಎಪ್ಪತ್ತನ್ನು ನಾಲ್ಕರಿಂದ ಭಾಗಿಸಿದರೆ ಸುಮಾರು ಹದಿನೇಳು. ಅಂದರೆ, ನನ್ನ ಈ ಒರಟು ಅಂದಾಜಿನ ಪ್ರಕಾರ, ಅಲ್ಲಿ ಮನೆಗೆ ಒಂದು ಭಾಗ ಜಾಗ ಇದ್ದರೆ ಆಫೀಸಿಗೆ ಹದಿನೇಳು ಭಾಗ ಹೋಗಿದೆ.

ಆ ಹದಿನೇಳನ್ನು ತೀರ್ಮಾನ ಮಾಡಿದ್ದು ಬಾಡಿಗೆ. ಒಂದು ಮಹಡಿಗೆ ಒಂದು ಕುಟುಂಬವೂ ಒಂದು ವಿಮಾ ಕಂಪನಿಯೂ ಪೈಪೋಟಿಗೆ ಬಿದ್ದರೆ ಯಾರು ಗೆಲ್ತಾರೆ ಅಂತ ಹೇಳಬೇಕಾಗಿಲ್ಲ. ಕುಟುಂಬಕ್ಕೆ ಊರ ನಡುವೆ ಇರೋದರಿಂದ ಉಳಿಯೋದು ಓಡಾಟದ ಒಂದು ಗಂಟೆ. ಕಂಪನಿಗೆ ಬ್ಯಾಂಕು, ಬ್ರೋಕರು, ವಕೀಲರು, ಗಿರಾಕಿ ಎಲ್ಲರೂ ನಡೆದು ಹೋಗುವ ದೂರದಲ್ಲಿ ಸಿಗ್ತಾರೆ, ಅದರಿಂದ ದಿನಾ ದುಡ್ಡು ಹುಟ್ಟುತ್ತೆ. ಹಾಗಾಗಿ ಅದು ಹೆಚ್ಚು ಬಾಡಿಗೆ ಕೊಡೋಕೆ ತಯಾರಿರುತ್ತೆ, ಮನೆ ನಿಧಾನವಾಗಿ ಹೊರಗೆ ಸರಿಯುತ್ತೆ.

ಆದರೆ ಹೊರಗೆ ಸರಿದವರು ಬೆಳಿಗ್ಗೆ ವಾಪಸ್ ಬರೋಕೆ ಆಗಬೇಕಲ್ಲ? 1851ರಲ್ಲಿ ಆ ಸಿಟಿಯಲ್ಲಿ ಸುಮಾರು 1.28 ಲಕ್ಷ ಜನ ಮನೆ ಮಾಡಿಕೊಂಡಿದ್ದರು. ಅಂಗಡಿ ಕೆಳಗೆ, ಮನೆ ಮೇಲೆ, ನಮ್ಮ ಹಳೇ ಪೇಟೆ ಬೀದಿಗಳ ಥರ. ಆಮೇಲೆ ರೈಲು ಬಂತು. 1901ಕ್ಕೆ ನಿವಾಸಿಗಳು ಬರೀ 27 ಸಾವಿರದಷ್ಟಾದರು. 1898ರಲ್ಲಿ ಶುರುವಾದ 'ವಾಟರ್‌ಲೂ ಅಂಡ್ ಸಿಟಿ' ಅನ್ನೋ ನೆಲದಡಿಯ ರೈಲಿಗೆ ಇವತ್ತಿಗೂ ಎರಡೇ ನಿಲ್ದಾಣ. ದೂರದ ಊರುಗಳಿಂದ ವಾಟರ್‌ಲೂಗೆ ಬಂದಿಳಿದವರನ್ನು ಆಫೀಸುಗಳ ನಡುವಿನ 'ಬ್ಯಾಂಕ್' ನಿಲ್ದಾಣಕ್ಕೆ ಒಯ್ಯೋದು, ಸಂಜೆ ವಾಪಸ್ ತರೋದು. ಅಷ್ಟೇ ಅದರ ಕೆಲಸ. ಶನಿವಾರ, ಭಾನುವಾರ ಅದು ಓಡೋದೇ ಇಲ್ಲ. ಒಂದು ಜಾಗದ ಜನಸಂಖ್ಯೆ ಹಗಲಿಗೆ ಮಾತ್ರ ಇದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ನನಗೆ ತುಂಬಾ ಹಿಡಿಸಿದ್ದು ಮುಂದಿನ ಕಥೆ. ಜನಗಣತಿ ರಾತ್ರಿಯ ಲೆಕ್ಕ, ಯಾರು ಎಲ್ಲಿ ಮಲಗಿದ್ದಾರೆ ಅನ್ನೋದರ ಲೆಕ್ಕ. ಪ್ರತಿ ಹತ್ತು ವರ್ಷಕ್ಕೂ ಸಿಟಿಯ ಸಂಖ್ಯೆ ಇಳೀತಾ ಹೋದಾಗ ಅಲ್ಲಿನ ನಗರಾಡಳಿತಕ್ಕೆ ದಿಗಿಲಾಯ್ತು. ಜನರೇ ಇಲ್ಲದ ಜಾಗಕ್ಕೆ ಅಧಿಕಾರ ಯಾಕೆ ಅಂತ ಕೇಳಿದರೆ? ಅವರು ತಾವೇ ಸ್ವಂತವಾಗಿ 'ಹಗಲು ಗಣತಿ' ಮಾಡಿಸಿದರು. 1881ರ ಹಗಲು ಗಣತಿಯಲ್ಲಿ ಸಿಕ್ಕವರು ಸುಮಾರು 2.6 ಲಕ್ಷ. ಅದೇ ವರ್ಷದ ರಾತ್ರಿಯ ಲೆಕ್ಕ ಸುಮಾರು 50 ಸಾವಿರ. ಒಂದೇ ಜಾಗ, ಒಂದೇ ವರ್ಷ, ಐದು ಪಟ್ಟು ವ್ಯತ್ಯಾಸ. ಸುಳ್ಳು ಹೇಳಿದವರು ಯಾರೂ ಇಲ್ಲ.

ಇದು ನಮಗ್ಯಾಕೆ ಅಂತೀರಾ? ನಮ್ಮ ಚಿಕ್ಕಪ್ಪ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಒಂದು ದರ್ಶಿನಿ ನಡೆಸ್ತಾರೆ. ಅಲ್ಲಿ ಹಗಲಿಗೆ ಜನ ತುಂಬೋಕೆ ಕಾರಣ ಲಂಡನ್ನಿನಂಥ ಬಾಡಿಗೆ ಪೈಪೋಟಿ ಅಲ್ಲ. ಸರ್ಕಾರವೇ ಆ ಜಾಗವನ್ನು ಕೈಗಾರಿಕೆಗೆ ಅಂತ ಬಡಾವಣೆ ಮಾಡಿ ಹಂಚಿತು, ಮನೆಗಳು ಸುತ್ತಲಿನ ಹಳ್ಳಿಗಳಲ್ಲಿ ಎದ್ದವು. ದಾರಿ ಬೇರೆ, ಫಲಿತಾಂಶ ಅದೇ. ಭಾನುವಾರ ಯಾಕೆ ಬಾಗಿಲು ಹಾಕ್ತೀರಿ ಅಂತ ಕೇಳಿದ್ದಕ್ಕೆ ಚಿಕ್ಕಪ್ಪ, "ಇಡ್ಲಿ ಮಾಡಿ ಯಾರಿಗೆ ಹಾಕ್ಲೋ? ಕಾಂಪೌಂಡ್ ಗೋಡೆಗಾ?" ಅಂದಿದ್ದರು. 2020ರ ಮಾರ್ಚ್‌ನಲ್ಲಿ ಕಂಪನಿಗಳೆಲ್ಲ ಮನೆಯಿಂದ ಕೆಲಸ ಅಂದವು. ಲಾಕ್‌ಡೌನ್ ಸಡಿಲವಾದ ಮೇಲೂ ಎಷ್ಟೋ ತಿಂಗಳು ಅಲ್ಲಿ ಎಲ್ಲ ದಿನವೂ ಭಾನುವಾರವೇ. ಬಸವನಗುಡಿ, ಮಲ್ಲೇಶ್ವರದ ಹೋಟೆಲುಗಳಿಗೆ ಅಕ್ಕಪಕ್ಕದ ಮನೆಯವರಾದರೂ ಬಂದು ಪಾರ್ಸೆಲ್ ಒಯ್ದರು. ಚಿಕ್ಕಪ್ಪನಿಗೆ ಅಕ್ಕಪಕ್ಕದ ಮನೆಗಳೇ ಇರಲಿಲ್ಲ. ಎರಡನೇ ಅಂಗಡಿ ಮುಚ್ಚಿದರು, ಅಡ್ವಾನ್ಸ್ ಬಾಡಿಗೆಯಲ್ಲೇ ಕರಗಿತು.

ಈಗ ಅದನ್ನು ಮತ್ತೆ ತೆಗೀಬೇಕಾ ಅನ್ನೋ ಯೋಚನೆ ಅವರಿಗೆ. "ಇಂಜಿನಿಯರಿಂಗ್ ಓದ್ತೀಯಲ್ಲ, ಎಷ್ಟು ಜನ ಬರ್ತಾರೆ ಅಂತ ಲೆಕ್ಕ ಹಾಕ್ಕೊಡು" ಅಂದರು. ಇಲ್ಲೇ ಸಿಕ್ಕಿಕೊಂಡಿದ್ದು. ಬ್ರಿಟನ್ನಿನ ಗಣತಿ ಕೆಲಸದ ಜಾಗದ ವಿಳಾಸವನ್ನೇ ಕೇಳುತ್ತೆ. ನಮ್ಮ 2011ರ ಗಣತಿ, ಕೆಲಸಕ್ಕೆ ಎಷ್ಟು ದೂರ ಹೋಗ್ತೀರಿ, ಯಾವುದರಲ್ಲಿ ಹೋಗ್ತೀರಿ ಅಂತ ಕೇಳಿತು. ಯಾವ ಕಡೆಗೆ ಅಂತ ಕೇಳಲಿಲ್ಲ. ಹತ್ತು ಕಿಲೋಮೀಟರ್ ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ? ಗೊತ್ತಾಗಲ್ಲ. ಹಾಗಾಗಿ ಅದರಿಂದ ಹಗಲಿನ ಜನಸಂಖ್ಯೆ ಹೊರಡಿಸೋಕೆ ಬರಲ್ಲ. ಕಂಪನಿಗಳ ಸಿಬ್ಬಂದಿ ಸಂಖ್ಯೆ ಹಿಡಿದರೂ ತಪ್ಪುತ್ತೆ, ಯಾಕಂದರೆ ಅದು ಉದ್ಯೋಗದ ಲೆಕ್ಕ, ಬಂದು ಕೂತವರ ಲೆಕ್ಕ ಅಲ್ಲ. ವಾರಕ್ಕೆ ಮೂರೇ ದಿನ ಆಫೀಸಿಗೆ ಬರುವವನು ದಿನಕ್ಕೆ ಸರಾಸರಿ 0.6 ಮನುಷ್ಯ. ಲಂಡನ್ನಿನ ಆ 6 ಲಕ್ಷವನ್ನೂ ಹೀಗೇ ನೋಡಬೇಕು.

ಉಳಿದ ದಾರಿ ಒಂದೇ, ನಿಂತು ಎಣಿಸೋದು. ಜಾಗದ ಸುತ್ತ ಒಂದು ಗೆರೆ ಎಳೆದು, ಗೆರೆ ದಾಟುವ ಎಲ್ಲ ದಾರಿಗಳಲ್ಲೂ 15 ನಿಮಿಷಕ್ಕೊಮ್ಮೆ ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ಬರೆದುಕೊಳ್ಳಬೇಕು. ಮೊದಲೇ ಇದ್ದವರಿಗೆ ಒಳಬಂದವರನ್ನು ಕೂಡಿ, ಹೊರಹೋದವರನ್ನು ಕಳೀತಾ ಹೋದರೆ ಆ ಹೊತ್ತಿಗೆ ಒಳಗಿರುವವರು ಸಿಗ್ತಾರೆ. ಕೇಳೋಕೆ ಸುಲಭ, ಆದರೆ ತಪ್ಪುಗಳು ಒಂದರ ಮೇಲೊಂದು ಪೇರುತ್ತವೆ. ಒಂದು ಕಿರುದಾರಿ ಬಿಟ್ಟುಹೋಗಿ, ಸಂಜೆ ಜನ ಅಲ್ಲಿಂದ ಹೊರಟರೆ ನಮ್ಮ ಪುಸ್ತಕದಲ್ಲಿ ಅವರು ಒಳಗೇ ಉಳೀತಾರೆ. ಅದಕ್ಕೆ ಪರೀಕ್ಷೆ ಏನಂದರೆ 24 ಗಂಟೆ ಎಣಿಸಿ, ಮಾರನೇ ದಿನ ಅದೇ ಹೊತ್ತಿಗೆ ಲೆಕ್ಕ ಶುರುವಾದ ಸಂಖ್ಯೆಗೆ ಹತ್ತಿರ ವಾಪಸ್ ಬಂತಾ ಅಂತ ನೋಡೋದು. ಬರಲಿಲ್ಲ ಅಂದರೆ ಎಲ್ಲೋ ಒಂದು ದಾರಿ ಕಣ್ಣಿಗೆ ಬಿದ್ದಿಲ್ಲ.

ಚಿಕ್ಕಪ್ಪನ ಅಂಗಡಿ ಸುತ್ತಲಿನ ಗೆರೆಯಲ್ಲಿ ಏಳು ದಾರಿ ಗುರುತಿಸಿದ್ದೀನಿ. ಕಂಪನಿ ಬಸ್ಸುಗಳು ನೇರ ಗೇಟಿನೊಳಗೇ ಹೋಗೋದರಿಂದ ಅದರಲ್ಲಿ ಎಷ್ಟು ಜನ ಅಂತ ಕಿಟಕಿ ನೋಡಿ ಎಣಿಸಬೇಕು, ಅದೊಂದು ಕಷ್ಟ. ಸೋಮವಾರ ಒಂದು ದಿನ, ಬುಧವಾರ ಒಂದು ದಿನ, ಎರಡೂ ಬೇಕು. ಹದಿನಾಲ್ಕು ಜನ ಬೇಕಾಗಿದ್ದಾರೆ, ಒಂದೊಂದು ದಾರಿಗೆ ಇಬ್ಬರು, ರಾತ್ರಿ ಪಾಳಿಗೆ ಹಾಸ್ಟೆಲಿನವರಾದರೆ ಒಳ್ಳೇದು. ಬಂದವರಿಗೆ ಎರಡೂ ದಿನ ಮಸಾಲೆ ದೋಸೆ ಫ್ರೀ ಅಂತ ಚಿಕ್ಕಪ್ಪ ಒಪ್ಪಿದ್ದಾರೆ. ಭಾನುವಾರ ಬರಬೇಡಿ, ಬಾಗಿಲು ಹಾಕಿರುತ್ತೆ.